ಹಳೆಯ ಡಿವಿಡಿಯ ಅನಿಮೆ: ಹಿಗ್ಗಿಸುವ ಮೊದಲು

ಜಪಾನಿನ ಹಳೆಯ ಅನಿಮೆ ಡಿವಿಡಿಯಿಂದ ತೆಗೆದ ಫ್ರೇಮನ್ನು waifu2x ನಲ್ಲಿ ದೊಡ್ಡದು ಮಾಡಿದರೆ ಪಾತ್ರದ ಕೈಯಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಏಳುತ್ತವೆ ಎಂಬುದು ಓದುಗರೊಬ್ಬರ ದೂರು.

ದೋಷ waifu2x ನದಲ್ಲ. 2015ರಲ್ಲಿ ಬಂದ ಈ ತಂತ್ರಾಂಶ ಅನಿಮೆ ಶೈಲಿಯ ಚಿತ್ರಗಳಿಂದಲೇ ಕಲಿತದ್ದು. ಚೂಪಾದ ಅಂಚು ಕಂಡರೆ ಅದನ್ನು ಇನ್ನಷ್ಟು ಚೂಪಾಗಿಸುತ್ತದೆ. ಡಿವಿಡಿಯ ಫ್ರೇಮಿನಲ್ಲಿ ಸರಿ ಸಾಲುಗಳು ಒಂದು ಕ್ಷಣದವು, ಬೆಸ ಸಾಲುಗಳು ಇನ್ನೊಂದು ಕ್ಷಣದವು ಆಗಿರಬಹುದು. ಕೈ ಚಲಿಸುತ್ತಿದ್ದರೆ ಇವೆರಡೂ ಹೊಂದುವುದಿಲ್ಲ. ಆ ಹಲ್ಲುಗಳನ್ನೇ ಕಲಾವಿದ ಬರೆದ ಗೆರೆ ಎಂದು waifu2x ನಂಬಿಬಿಡುತ್ತದೆ, ಪಾಪ!

ಆದ್ದರಿಂದ ಅವರು ಮೊದಲು ಡಿಇಂಟರ್ಲೇಸ್ ಮಾಡಬೇಕು, ಇಲ್ಲವೇ ಪಾತ್ರ ನಿಶ್ಚಲವಾಗಿರುವ ಫ್ರೇಮನ್ನು ಆರಿಸಿ ಪಿಎನ್‌ಜಿಯಾಗಿ ಉಳಿಸಬೇಕು. ಆಮೇಲೆ:

```
waifu2x-ncnn-vulkan -i a.png -o b.png -n 1 -s 2
```

720×480ರ ಫ್ರೇಮು 1440×960 ಆಗುತ್ತದೆ. ಮೂಲ 4:3 ಅನುಪಾತದ್ದಾದರೆ ಅಗಲವನ್ನು 1280ಕ್ಕೆ ಇಳಿಸಬೇಕು. ಇಲ್ಲದಿದ್ದರೆ ಮುಖಗಳೆಲ್ಲ ದಪ್ಪಗಾಗುತ್ತವೆ.

ಇಲ್ಲಿ -n ಎಂಬುದು ಕಲೆ ಅಳಿಸುವ ಪ್ರಮಾಣ. ಹಲವರು ನೇರವಾಗಿ 3ಕ್ಕೆ ಹಾರುತ್ತಾರೆ. ಒಂದೇ ಬಣ್ಣ ತುಂಬಿದ ಬಟ್ಟೆ, ಕೂದಲು ಆಗ ಸ್ವಚ್ಛವಾಗಿ ಕಾಣುತ್ತವೆ, ನಿಜ. ಆದರೆ ಕುಂಚದಿಂದ ಬಿಡಿಸಿದ ಹಿನ್ನೆಲೆಯ ಮೋಡ, ಮರದ ತೊಗಟೆಗಳ ನವುರು ಅಳಿಸಿ ನುಣ್ಣಗಾಗುತ್ತದೆ. ಹಾಗಾಗಿ ಮುಂಭಾಗದ ಪಾತ್ರಕ್ಕೆ 2, ಹಿನ್ನೆಲೆಗೆ 0 ಇಟ್ಟು ಎರಡು ಪ್ರತಿ ಮಾಡಿ, ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಾಸ್ಕ್ ಹಾಕಿ ಜೋಡಿಸುವುದೇ ಒಳ್ಳೆಯದು.