ಒಂದೇ ಮನೆ, ಒಂದೇ ಫೋಟೊ, ಮೂರು ಬಣ್ಣ

ಹಿಂದೊಮ್ಮೆ ಒಬ್ಬರ ಮನೆಗೆ ಮೂರು ಬಣ್ಣಗಳ ಚಿತ್ರ ಮಾಡಿಕೊಟ್ಟಿದ್ದೆ. ಮೂರಕ್ಕೂ ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಫೋಟೊ ಬಳಸಿದ್ದೆ. ಮನೆಯವರು ಎರಡನೆಯದಕ್ಕೆ ಮನಸೋತರು. ಬಣ್ಣ ಬಳಿದು ಮುಗಿದ ಮೇಲೆ, "ಚಿತ್ರದಲ್ಲಿದ್ದ ಹಾಗೆ ಕಾಣ್ತಾ ಇಲ್ವಲ್ರೀ" ಅಂದರು. ಅವರು ಮೆಚ್ಚಿದ್ದು ಬಣ್ಣವನ್ನಲ್ಲ, ಆ ಫೋಟೊದಲ್ಲಿದ್ದ ಸಂಜೆ ಬಿಸಿಲನ್ನು. ಅಂದಿನಿಂದ ನನ್ನದು ಒಂದೇ ಪಟ್ಟು: ಮೂರು ಚಿತ್ರಗಳಲ್ಲಿ ಬದಲಾಗಬೇಕಾದ್ದು ಬಣ್ಣ ಮಾತ್ರ. ಆಕಾಶ, ನೆರಳು, ಗೇಟಿನ ಮುಂದಿನ ಸ್ಕೂಟರು ಎಲ್ಲವೂ ಇದ್ದ ಹಾಗೇ ಇರಬೇಕು.

ಇತ್ತೀಚೆಗೆ ಹಾಸನದಲ್ಲಿ ಮಾಡಿದ ಒಂದು ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪೂರ್ವ ದಿಕ್ಕಿನ, 30x40 ಸೈಟಿನ ಎರಡಂತಸ್ತಿನ ಮನೆ, ಮಾಲೀಕರು ನಿವೃತ್ತ ಮೇಷ್ಟ್ರು. ಗೋಡೆಗೆ ಮಾಸಿದ ಪಿಸ್ತಾ ಹಸಿರು, ಸಿಟ್‌ಔಟಿನ ಕಂಬಗಳಿಗೆ ಬೂದು ಗ್ರಾನೈಟ್, ಗೇಟು ಕಪ್ಪು. ಗ್ರಾನೈಟೂ ಗೇಟೂ ಬದಲಾಗುವುದಿಲ್ಲ ಎಂದು ಮೊದಲೇ ಕೇಳಿ ಬರೆದುಕೊಂಡೆ. ಯಾವ ಬಣ್ಣ ಬಂದರೂ ಇವೆರಡರ ಜೊತೆ ಹೊಂದಿಕೊಳ್ಳಲೇಬೇಕು.

ಫೋಟೊಗೆ ತೆಳುಮೋಡದ ಬೆಳಗು ಒಳ್ಳೆಯದು. ನೇರ ಬಿಸಿಲಿದ್ದರೆ ಕರೆಂಟ್ ವೈರಿನ ನೆರಳೂ ಮರದ ನೆರಳೂ ಗೋಡೆಯ ಮೇಲೆ ಗೀರು ಎಳೆಯುತ್ತವೆ. ಆಮೇಲೆ ಯಾವ ಬಣ್ಣ ಹಾಕಿದರೂ ಕಣ್ಣು ಹೋಗುವುದು ಆ ಗೀರಿಗೇ. ರಸ್ತೆಯಲ್ಲಿ ನಿಂತು ಮೊಬೈಲನ್ನು ಮೇಲಕ್ಕೆತ್ತಿ ತೆಗೆದರೆ ಮನೆ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಎದುರು ಮನೆಯವರನ್ನು ಕೇಳಿ ಅವರ ಮೊದಲ ಮಹಡಿಯ ಬಾಲ್ಕನಿಯಿಂದ ತೆಗೆಯುವುದು ಮೇಲು. ಮೊಬೈಲಿನಲ್ಲಿ 0.5x ಬೇಡ, ಅಂಚಿನ ಗೋಡೆಗಳು ಹಿಗ್ಗಿದಂತೆ ಬರುತ್ತವೆ. 1x ಸಾಕು.

ಮುಂದಿನ ಕೆಲಸವನ್ನು ನಾನು GIMPನಲ್ಲಿ ಮಾಡುತ್ತೇನೆ. ಅದು ಉಚಿತ ತಂತ್ರಾಂಶ. ಮೊದಲು Free Select ಹಿಡಿದು ಗೋಡೆಯ ಅಂಚಿನುದ್ದಕ್ಕೂ ಚುಕ್ಕಿ ಇಡುತ್ತಾ ಹೋಗಬೇಕು. ಕಿಟಕಿ, ಗ್ರಿಲ್, ಗ್ರಾನೈಟ್ ಬಿಟ್ಟು ಬಣ್ಣ ಬೀಳುವ ಜಾಗವನ್ನಷ್ಟೇ ಸುತ್ತುವರಿಯಿರಿ. ಮುಗಿದ ಕೂಡಲೇ Select ಮೆನುವಿನಲ್ಲಿ Save to Channel ಒತ್ತಿ ಹೆಸರು ಕೊಡಿ. ಈ ಮನೆಗೆ ನಾಲ್ಕು ಭಾಗ ಮಾಡಿಕೊಂಡೆ: ಮುಖ್ಯ ಗೋಡೆ, ಸಜ್ಜಾ ಮತ್ತು ಪ್ಯಾರಾಪೆಟ್ಟಿನ ಪಟ್ಟಿ, ನೆಲದಿಂದ ಎರಡಡಿಯ ಪಟ್ಟಿ, ಕಾಂಪೌಂಡ್. ಎರಡು ತಾಸು ಹಿಡಿಯಿತು. ಬೇಸರದ ಕೆಲಸ ನಿಜ, ಆದರೆ ಒಮ್ಮೆ ಮಾಡಿದರೆ ಮೂರು ಚಿತ್ರಕ್ಕೂ ಅದೇ ಅಂಚು.

ಎಡವುವುದು ಹೆಚ್ಚಾಗಿ ಇಲ್ಲಿಂದ ಮುಂದೆ. ಹಸಿರು ಗೋಡೆಯ ಮೇಲೆ ನೇರವಾಗಿ ಇಟ್ಟಿಗೆ ಬಣ್ಣ ಹಾಕಿದರೆ ಕೆಸರಿನ ಬಣ್ಣ ಬರುತ್ತದೆ. ಹಾಗಾಗಿ ಕಂಪ್ಯೂಟರಿನಲ್ಲೂ ಮೊದಲು ಪ್ರೈಮರ್ ಹೊಡೆಯಬೇಕು. ಫೋಟೊದ ಪ್ರತಿ ಮಾಡಿಕೊಂಡು, ನಾಲ್ಕೂ ಭಾಗ ಒಟ್ಟಿಗೆ ಆಯ್ದು, Colors ಮೆನುವಿನ Desaturate ಕೊಟ್ಟು ಬಣ್ಣ ತೆಗೆಯಿರಿ. ಆಮೇಲೆ Levels ತೆರೆದು ಬಲತುದಿಯ ಗುಂಡಿಯನ್ನು ಎಡಕ್ಕೆ ಎಳೆಯಿರಿ. ಬೆಳಕು ಚೆನ್ನಾಗಿ ಬಿದ್ದ ಗೋಡೆಯ ಮೌಲ್ಯ 255ರಲ್ಲಿ 240ರ ಆಸುಪಾಸಿಗೆ ಬಂದರೆ ನಿಲ್ಲಿಸಿ. 255ಕ್ಕೇ ಎಳೆದರೆ ಗಾರೆಯ ತರಿಯೂ ಸಜ್ಜಾದಡಿಯ ಮೆಲುನೆರಳೂ ಅಳಿಸಿಹೋಗಿ ಮನೆ ಕಾಗದದಲ್ಲಿ ಕತ್ತರಿಸಿದಂತಾಗುತ್ತದೆ. ಬಹಳ ಕಡಿಮೆಯಾದರೆ ಮೂರು ಬಣ್ಣವೂ ಮಂಕು.

ಇದರ ಮೇಲೆ ಮೂರು Layer Group ಮಾಡಿ 1, 2, 3 ಎಂದು ಹೆಸರಿಡಿ. ಒಂದೊಂದರೊಳಗೂ ಭಾಗಕ್ಕೊಂದರಂತೆ ಹೊಸ ಲೇಯರ್ ತೆಗೆದು, ಉಳಿಸಿಟ್ಟ Channel ಅನ್ನು ಆಯ್ಕೆಯಾಗಿ ತಂದು ಬಣ್ಣ ತುಂಬಿ, ಲೇಯರಿನ Mode ಅನ್ನು Multiply ಮಾಡಿ. ಗೋಡೆಯ ನೆರಳು ಬಣ್ಣದೊಳಗಿನಿಂದ ಕಾಣಬೇಕು. ಕಾಣದೆ ಡಬ್ಬಿಯಿಂದ ಸುರಿದ ಹಾಗೆ ಚಪ್ಪಟೆಯಾಗಿದ್ದರೆ ಗುಂಪಿನ Mode ನೋಡಿ. ಅದು Normal ಆಗಿರುತ್ತದೆ, Pass Through ಮಾಡಬೇಕು. ಇದು ಗೊತ್ತಿಲ್ಲದೆ ಒಂದು ಇಡೀ ರಾತ್ರಿ ತಲೆ ಕೆಡಿಸಿಕೊಂಡಿದ್ದೇನೆ.

ಯಾವ ಮೂರು ಬಣ್ಣ? ಕೆನೆಬಣ್ಣ, ತುಸು ಗಾಢ ಕೆನೆ, ಇನ್ನೂ ತುಸು ಗಾಢ ಕೆನೆ ಎಂದು ಕೊಟ್ಟರೆ ಮಾಲೀಕರಿಗೆ ಆರಿಸಲು ಏನೂ ಇರುವುದಿಲ್ಲ. ಮೇಷ್ಟ್ರಿಗೆ ಕೊಟ್ಟಿದ್ದು ಹೀಗೆ: ಮೊದಲನೆಯದು ಅರೆಬಿಳಿ ಗೋಡೆ, ಗಾಢ ಬೂದು ಪಟ್ಟಿ. ಎರಡನೆಯದು ಇಟ್ಟಿಗೆ ಬಣ್ಣದ ಗೋಡೆ, ಕೆನೆ ಪಟ್ಟಿ. ಮೂರನೆಯದು ಗಂಧದ ಬಣ್ಣದ ಗೋಡೆ, ಸಜ್ಜಾ ಅಂಚಿಗೂ ಕೆಳಗಿನ ಎರಡಡಿಗೂ ಕಾವಿ. ಕಾವಿಗೆ ಇನ್ನೊಂದು ಕಾರಣವೂ ಇತ್ತು. ಅವರ ಅಂಗಳದ್ದು ಕೆಂಪು ಮಣ್ಣು, ಮಳೆಗೆ ಸಿಡಿದರೆ ಅರೆಬಿಳಿ ಗೋಡೆಯ ಬುಡ ಮೊದಲ ಮಳೆಗಾಲಕ್ಕೇ ಹಾಳು. ಕಾವಿಯ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಬೇಗ ಮಾಸುವುದೂ ಇಲ್ಲ. ಕಡು ನೇರಳೆ, ಉಜ್ವಲ ಹಳದಿಯಂಥವಕ್ಕೆ ಈ ಬಾಳಿಕೆ ಸಾಮಾನ್ಯವಾಗಿ ಇರದು.

ತೋರಿಸಲು ಎ3 ಹಾಳೆಯನ್ನು ಅಡ್ಡ ಹಿಡಿಯಿರಿ, ಅಗಲ 420 ಮಿ.ಮೀ. ಒಂದೊಂದು ಚಿತ್ರ 125 ಮಿ.ಮೀ., ನಡುವೆ 10 ಮಿ.ಮೀ. ಬಿಟ್ಟರೆ ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ. ಹಿನ್ನೆಲೆ ತಿಳಿ ಬೂದಿರಲಿ. ಅಚ್ಚ ಬಿಳಿಯ ಪಕ್ಕದಲ್ಲಿ ಅರೆಬಿಳಿ ಗೋಡೆ ಕೊಳಕಾಗಿ ಕಾಣುತ್ತದೆ. ಚಿತ್ರದ ಕೆಳಗೆ ಸಂಖ್ಯೆ ಮತ್ತು ಶೇಡ್ ಕಾರ್ಡಿನ ಕೋಡ್ ಅಷ್ಟೇ ಬರೆಯಿರಿ. "ರಾಯಲ್", "ಎಲಿಗಂಟ್" ಎಂದು ಹೆಸರಿಟ್ಟರೆ ಜನ ಹೆಸರನ್ನೇ ಆರಿಸಿಬಿಡುತ್ತಾರೆ. ನಡುವಿನ ಚಿತ್ರಕ್ಕೆ ಒಲವು ಹೆಚ್ಚು ಎಂಬುದು ನನ್ನ ಅನುಭವ, ಹಾಗಾಗಿ ಕ್ರಮ ಬದಲಿಸಿದ ಇನ್ನೊಂದು ಹಾಳೆಯನ್ನೂ ಒಯ್ಯುತ್ತೇನೆ.

ಪ್ರಿಂಟಿನ ಜೊತೆ ಶೇಡ್ ಕಾರ್ಡೂ ಕೈಯಲ್ಲಿರಲಿ, ಪ್ರಿಂಟರಿನ ಬಣ್ಣವನ್ನು ಪೂರ್ತಿ ನಂಬುವಂತಿಲ್ಲ. ಮೇಷ್ಟ್ರ ಮನೆಯಲ್ಲಿ ಒಂದು ತಮಾಷೆಯಾಯಿತು. ಹಿಂದಿನ ದಿನ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ ಚಿತ್ರ ನೋಡಿ ಅವರ ಮನೆಯವರು, "ಮೊದಲ್ನೇದು ಅರೆಬಿಳಿ ಅಂದ್ರಿ, ಇದು ಹಳದಿ ಇದೆಯಲ್ಲ" ಅಂದರು. ನೋಡಿದರೆ ಅವರ ಫೋನಿನಲ್ಲಿ ಕಣ್ಣಿಗೆ ಹಿತವೆಂದು ಹಾಕಿಕೊಂಡ ಹಳದಿ ಫಿಲ್ಟರ್ ಹಗಲಲ್ಲೂ ಆನ್ ಆಗಿತ್ತು. ಅದನ್ನು ಆಫ್ ಮಾಡಿದ ಮೇಲೆ, "ಓ, ಇದು ಹೀಗಾ" ಎಂದು ನಕ್ಕರು.

ಇಬ್ಬರೂ ಮೂರನೆಯದಕ್ಕೆ ಒಪ್ಪಿದರು. ಆದರೆ ಒಪ್ಪಿದ್ದು ಚಿತ್ರಕ್ಕೆ. ಕಾರ್ಡಿನ ತುಂಡಿಗಿಂತ ಮನೆಯ ಹೊರಗೋಡೆಯ ಮೇಲೆ ಬಣ್ಣ ತಿಳಿಯಾಗಿಯೂ ಹೆಚ್ಚು ರಂಗಾಗಿಯೂ ಕಾಣುತ್ತದೆ. ಸ್ವೀಡನ್ನಿನ ಕರಿನ್ ಫ್ರಿಡೆಲ್ ಆಂಟರ್ 2000ದಲ್ಲಿ ಮುಗಿಸಿದ ಡಾಕ್ಟರೇಟ್ ಸಂಶೋಧನೆ ಇದೇ ವಿಷಯದ್ದು. ನಮ್ಮ ಪೇಂಟರುಗಳಿಗೂ ಇದು ಕೈಯನುಭವದಿಂದ ಗೊತ್ತು. ಆದ್ದರಿಂದ ಗಂಧದ ಬಣ್ಣವನ್ನೂ, ಅದೇ ಕಾರ್ಡಿನ ಸಾಲಿನಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮಬ್ಬಾದದ್ದನ್ನೂ ಒಂದೊಂದು ಸಣ್ಣ ಡಬ್ಬಿ ತರಿಸಿ, ಎರಡಡಿ ಚದರದ ತೇಪೆ ಎರಡು ಕೋಟ್ ಹೊಡೆಸಿದೆ. ತೇಪೆಯ ಸುತ್ತ ಅರ್ಧ ಅಡಿ ಬಿಳಿ ಪ್ರೈಮರ್ ಇರಲೇಬೇಕು. ಇಲ್ಲದಿದ್ದರೆ ಪಕ್ಕದ ಹಳೆ ಹಸಿರಿನಿಂದಾಗಿ ಯಾವ ತಿಳಿಬಣ್ಣವೂ ಕೆಂಪಗೆ ತೋರುತ್ತದೆ. ಪೂರ್ವದ ಗೋಡೆಯಾದ್ದರಿಂದ ಬೆಳಿಗ್ಗೆ ಎಂಟರ ಎಳೆಬಿಸಿಲಿನಲ್ಲೂ ಸಂಜೆ ಐದರ ನೆರಳಿನಲ್ಲೂ ನೋಡಲು ಹೇಳಿದೆ.

ಮೂರನೇ ದಿನ ಮೇಷ್ಟ್ರು ಫೋನ್ ಮಾಡಿದರು. "ನೀವು ಹೇಳಿದ ಗಂಧ ಬೆಳಿಗ್ಗೆ ಹೊತ್ತು ಅರಿಸಿನ ಆಗ್ತದಪ್ಪ. ಆ ಮಬ್ಬಿಂದೇ ಇರ್ಲಿ." ಮೂರನೇ ಗುಂಪಿನಲ್ಲಿ ಗೋಡೆಯ ಕೋಡ್ ಬದಲಿಸಿ ಹೊಸ ಪ್ರಿಂಟ್ ತೆಗೆದೆ. ಯಾವ ಭಾಗಕ್ಕೆ ಯಾವ ಕೋಡ್ ಎಂದು ಅದರ ಮೇಲೇ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಮೀಟರ್ ಬಾಕ್ಸಿನ ಬಾಗಿಲಿಗೆ ಅಂಟಿಸಿ ಬಂದೆ, ಪೇಂಟರ್ ಯಾರನ್ನೂ ಕೇಳದೆ ಕೆಲಸ ಶುರುಮಾಡಲಿ ಎಂದು.