ಕಾಯಿಪಲ್ಲೆಯ ಮಡಿಗಳಿಗೆ ಸುಣ್ಣ ಹಾಕುವ ಮುನ್ನ ಮಣ್ಣಿನ ಪರೀಕ್ಷೆ

ಗಿಡದ ಎಲೆ ಹಳದಿಯಾದೊಡನೆ ಮಣ್ಣು ಹುಳಿಯಾಯಿತೆಂದು ಬಗೆದು ಸುಣ್ಣವನ್ನೋ ಒಲೆಯ ಬೂದಿಯನ್ನೋ ಹಾಕುವುದುಂಟು. ಮಲೆನಾಡಿನ ಹುಳಿಮಣ್ಣಿಗೆ ಇದು ಹಿತವಾಗಬಹುದು. ಪಟ್ಟದಕಲ್ಲಿನ ಬಳಿ ಮಲಪ್ರಭೆಯ ದಡದ ಕಪ್ಪು ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಸುಣ್ಣವು ಮೊದಲೇ ಬೆರೆತಿರುತ್ತದೆ. ಅಲ್ಲಿ ಇನ್ನಷ್ಟು ಸುಣ್ಣವು ಕೇಡನ್ನೇ ಹೆಚ್ಚಿಸುವುದು. ಆದಕಾರಣ ಮೊದಲು ಪರೀಕ್ಷಿಸತಕ್ಕದ್ದು.

೧. ಮಣ್ಣು ತೆಗೆಯುವುದು. ಮಡಿಯ ಐದು ಕಡೆಗಳಲ್ಲಿ 6 ಅಂಗುಲ ಆಳದವರೆಗಿನ ಮಣ್ಣನ್ನು ತೆಗೆದು, ಕೂಡಿಸಿ, ನೆರಳಿನಲ್ಲಿ ಒಣಗಿಸಬೇಕು.

೨. ನಿಂಬೆರಸದ ಪರೀಕ್ಷೆ. ಒಂದು ಚಮಚೆ ಒಣಮಣ್ಣಿನ ಮೇಲೆ ನಿಂಬೆರಸವನ್ನು ಹಿಂಡಿ ಕಿವಿಗೆ ಹತ್ತಿರ ಹಿಡಿಯಬೇಕು. ನೊರೆಯೆದ್ದು ಚುಯ್‌ಗುಟ್ಟಿದರೆ ಮಣ್ಣಿನಲ್ಲಿ ಸುಣ್ಣವಿದೆ. ಸದ್ದಾಗದಿದ್ದರೆ ಮಣ್ಣು ಹುಳಿಯೆಂದು ತೀರ್ಮಾನಿಸಲಾಗದು. ಮುಂದಿನ ಪರೀಕ್ಷೆ ಅವಶ್ಯ.

೩. ದಾಸವಾಳದ ಪರೀಕ್ಷೆ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿ ಮಳೆನೀರಿನಲ್ಲಿ ನೆನೆಯಿಸಿ ರಸವನ್ನು ಸೋಸಬೇಕು. ಒಂದು ಪಾಲು ಮಣ್ಣಿಗೆ ಎರಡು ಪಾಲು ಮಳೆನೀರು ಬೆರೆಸಿ, ಕಲಕಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಗೆ ಆ ರಸವನ್ನು ಸೇರಿಸಬೇಕು. ಬಾವಿಯ ನೀರಿನಲ್ಲಿಯೇ ಸುಣ್ಣವಿರುವುದರಿಂದ ಅದು ಸಲ್ಲದು. ಹೋಲಿಕೆಗಾಗಿ ಬೇರೆ ಎರಡು ಬಟ್ಟಲುಗಳ ರಸಕ್ಕೆ ಕ್ರಮವಾಗಿ ನಿಂಬೆರಸವನ್ನೂ ಅಡಿಗೆಯ ಸೋಡಾವನ್ನೂ ಹಾಕಿಡಬೇಕು. ಬಣ್ಣವು ನಿಂಬೆಯ ಬಟ್ಟಲಿನಂತೆ ಕೆಂಪಿಗೆ ತಿರುಗಿದರೆ ಮಣ್ಣು ಹುಳಿ. ಸೋಡಾದ ಬಟ್ಟಲಿನಂತೆ ಹಸಿರಿಗೆ ತಿರುಗಿದರೆ ಕ್ಷಾರ. ಬೆಳಗಾದರೂ ನೀರು ತಿಳಿಯಾಗದೆ ಬಗ್ಗಡವಾಗಿಯೇ ನಿಂತರೆ ಚೌಳಿನ ಶಂಕೆಯುಂಟು. ಆಗ ಪ್ರಯೋಗಶಾಲೆಯಲ್ಲಿ ತೋರಿಸಿಯೇ ಜಿಪ್ಸಂ ಹಾಕತಕ್ಕದ್ದು.

೪. ಒಂದು ಉದಾಹರಣೆ. ನದೀತೀರದ 10 ಅಡಿ ಚೌಕದ ಬದನೆಯ ಮಡಿಯೊಂದನ್ನು ಭಾವಿಸಿರಿ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿವೆ; ಮಣ್ಣು ಚುಯ್‌ಗುಟ್ಟುತ್ತದೆ; ದಾಸವಾಳದ ರಸ ಹಸಿರಾಗುತ್ತದೆ. ಇದು ಹುಳಿಯಲ್ಲ. ಸುಣ್ಣದ ದೆಸೆಯಿಂದ ಕಬ್ಬಿಣದ ಅಂಶವು ಬೇರಿಗೆ ದೊರೆಯದಿರುವ ಲಕ್ಷಣ.

ಗಂಧಕದಿಂದ ಈ ಸುಣ್ಣವನ್ನು ಕಳೆಯಬಹುದೇ? ಆ ಮಡಿಯ 6 ಅಂಗುಲ ಮಣ್ಣು ಸುಮಾರು 4,000 ರಾತಲು ತೂಗುವುದು. ನೂರಕ್ಕೆ ಒಂದು ಪಾಲು ಸುಣ್ಣವಿದ್ದರೂ ಅದು 40 ರಾತಲು. ಅದನ್ನು ಕರಗಿಸಲು ಸುಮಾರು 13 ರಾತಲು ಗಂಧಕ ಬೇಕು. ಇಷ್ಟು ವೆಚ್ಚ ವ್ಯರ್ಥ. ಬೂದಿಯನ್ನು ನಿಲ್ಲಿಸಿ, ಚೆನ್ನಾಗಿ ಕಳಿತ ಗೊಬ್ಬರವನ್ನು ವರ್ಷವರ್ಷವೂ ಬೆರೆಸಿ, ನೀರು ನಿಲ್ಲದಂತೆ ಬಸಿಗಾಲುವೆ ತೋಡುವುದೇ ಉಚಿತ. ತತ್ಕಾಲಕ್ಕೆ ಅರ್ಧ ಗ್ಯಾಲನ್ ನೀರಿಗೆ 1 ತೊಲ ಅನ್ನಭೇದಿಯನ್ನು ಕರಗಿಸಿ, ಆಗಲೇ ಸಂಜೆಯಲ್ಲಿ ಎಲೆಗಳಿಗೆ ಸಿಂಪಡಿಸಬೇಕು. ಹೊಸ ಎಲೆ ಹಸಿರಾಗಿ ಬಂದರೆ ನಿದಾನವು ಸರಿ. ಹಳೆಯ ಹಳದಿ ಎಲೆ ಪೂರ್ತಿ ತಿರುಗದಿರಬಹುದು.

೫. ಹುಳಿ ಕಂಡಲ್ಲಿ. ಮರಳುಗಲ್ಲಿನ ಗುಡ್ಡದ ಕೆಳಗಣ ತೆಳುವಾದ ಕೆಂಪು ಮರಳುಮಣ್ಣಿನಲ್ಲಿ ಚುಯ್ ಸದ್ದಿಲ್ಲದೆ ರಸವು ಸ್ಪಷ್ಟವಾಗಿ ಕೆಂಪಾದರೆ, ಅಷ್ಟೇ ಅಗಲದ ಮಡಿಗೆ 2 ರಾತಲು ಸುಣ್ಣಕಲ್ಲಿನ ಪುಡಿಯನ್ನು ಬಿತ್ತನೆಗೆ ಮೂರು ವಾರ ಮೊದಲು ಬೆರೆಸಬೇಕು. ಮುಂದಿನ ವರ್ಷ ಪುನಃ ಪರೀಕ್ಷಿಸದೆ ಮತ್ತೆ ಹಾಕಕೂಡದು. ಈ ಪರೀಕ್ಷೆಗಳು ಹುಳಿಯೋ ಕ್ಷಾರವೋ ಎಂಬುದನ್ನು ಹೇಳುವುವೇ ಹೊರತು ಅದರ ಪ್ರಮಾಣವನ್ನು ಹೇಳಲಾರವು.