ಕೆಂಪಾದ ಕಲೆ ಹೋದ ಕಲೆಯಲ್ಲ: ಅರಿಶಿನದ ಕಲೆಯಿಂದ ಸೂಚಕದ ಪಾಠ

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನ್ನನ್ನು ಭದ್ರಾವತಿಯ ಒಂದು ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕದಲ್ಲಿ ಅರಿಶಿನವನ್ನು ನೈಸರ್ಗಿಕ ಸೂಚಕವಾಗಿ ಪರಿಚಯಿಸುವ ಭಾಗವಿದೆ. ಬಿಳಿ ಬಟ್ಟೆಯ ಮೇಲಿನ ಸಾಂಬಾರಿನ ಕಲೆಗೆ ಸೋಪು ಉಜ್ಜಿದರೆ ಅದು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ಹೆಚ್ಚು ನೀರಿನಲ್ಲಿ ತೊಳೆದರೆ ಮತ್ತೆ ಹಳದಿಯಾಗುತ್ತದೆ ಎಂಬ ಉದಾಹರಣೆ ಪಠ್ಯಪುಸ್ತಕದಲ್ಲೇ ಇದೆ. ಸುಲಭದ ಪಾಠವೆಂದು ನಾನು ಮೂವತ್ತು ನಿಮಿಷಕ್ಕೆ ಪಾಠಯೋಜನೆ ಬರೆದೆ.

ಮೊದಲ ಪಾಠದಲ್ಲಿ ಆದ ತಪ್ಪು

ಪ್ರಯೋಗ ಚೆನ್ನಾಗಿಯೇ ನಡೆಯಿತು. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: “ಮಿಸ್, ನನ್ನ ಬಿಳಿ ಯೂನಿಫಾರಂ ಮೇಲೆ ಸಾಂಬಾರು ಬಿದ್ದಿತ್ತು. ಅಮ್ಮ ಸೋಪು ಹಚ್ಚಿದ ಕೂಡಲೇ ಕೆಂಪಾಯಿತು. ಸೋಪೇ ಬಟ್ಟೆ ಹಾಳುಮಾಡಿತು ಅಂತ ಅಮ್ಮ ಅಂದರು. ಹೌದಾ?”

ನಾನು ಯೋಚಿಸದೆ, “ಇಲ್ಲ, ಕೆಂಪಾದರೆ ಕಲೆ ಕರಗಿ ಬಿಡುತ್ತಿದೆ ಎಂದರ್ಥ” ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ ಇನ್ನೊಬ್ಬ, “ಹಾಗಾದರೆ ತೊಳೆದ ಮೇಲೆ ಹಳದಿ ಎಲ್ಲಿಂದ ವಾಪಸ್ ಬಂತು ಮಿಸ್?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಗಂಟೆ ಹೊಡೆಯಿತು. ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಬಣ್ಣ ಬದಲಾಗುವುದು ಬೇರೆ, ಬಣ್ಣ ಹೋಗುವುದು ಬೇರೆ. ನಾಳೆ ಇದನ್ನು ಸರಿಪಡಿಸಿ.”

ಶಿವಮೊಗ್ಗಕ್ಕೆ ಮರಳುವ ಬಸ್ಸಿನಲ್ಲಿ ಆ ಸಾಲನ್ನೇ ಯೋಚಿಸುತ್ತಿದ್ದೆ. ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್. ಪ್ರತ್ಯಾಮ್ಲ ತಾಗಿದಾಗ ಅದರ ಅಣುವಿನಿಂದ ಹೈಡ್ರೋಜನ್ ಅಯಾನು ಕಳಚುತ್ತದೆ, ಬಣ್ಣ ಕೆಂಪಾಗುತ್ತದೆ. ಆಮ್ಲ ತಾಗಿದರೆ ಅದೇ ಅಯಾನು ಮರಳಿ ಸೇರಿ ಹಳದಿ ಬರುತ್ತದೆ. ಎರಡೂ ಸ್ಥಿತಿಯಲ್ಲಿ ಕರ್ಕ್ಯುಮಿನ್ ಬಟ್ಟೆಯಲ್ಲೇ ಇರುತ್ತದೆ. ಹಾಗಾದರೆ ಆ ತಾಯಿಯ ಮಾತೂ ಸರಿಯಲ್ಲ, ನನ್ನ ಮಾತೂ ಸರಿಯಲ್ಲ. ಆದರೆ ಇದರಿಂದ ಒಂದು ಉಪಯೋಗವಿದೆ. ಕಲೆ ನಿಜವಾಗಿ ಹೋಗಿದೆಯೇ ಎಂದು ಕಲೆಯನ್ನೇ ಕೇಳಬಹುದು.

ಎರಡನೆಯ ಪಾಠ: ಬಟ್ಟೆ

ಹಳೆಯ ಬಿಳಿ ಹತ್ತಿ ಪಂಚೆಯಿಂದ ಅಂಗೈ ಅಗಲದ ನಾಲ್ಕು ತುಂಡು ಕತ್ತರಿಸಿದೆ. ಎರಡು ಚಮಚ ಕಡಲೆಕಾಯಿ ಎಣ್ಣೆಗೆ ಅರ್ಧ ಚಮಚ ಅರಿಶಿನ ಹಾಕಿ ಸ್ವಲ್ಪ ಬಿಸಿಮಾಡಿ, ಪ್ರತಿ ತುಂಡಿನ ಮೇಲೂ ಐದೈದು ಹನಿ ಬಿಟ್ಟು ಒಂದು ರಾತ್ರಿ ಇಟ್ಟೆ. ಸಾಂಬಾರಿನ ಕಲೆಯಲ್ಲಿ ಎಣ್ಣೆ ಇರುವುದರಿಂದಲೇ ಹೀಗೆ ಮಾಡಿದ್ದು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆನ್ನುವಷ್ಟು ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ.

ತರಗತಿಯಲ್ಲಿ ನಾಲ್ಕು ಗುಂಪುಗಳು ಕೆಲಸ ಮಾಡಿದವು. ಮೊದಲ ಗುಂಪು ಬರೀ ನೀರಿನಲ್ಲಿ ತೊಳೆಯಿತು. ಎರಡನೆಯದು ನಿಂಬೆರಸ ಹಚ್ಚಿ ತೊಳೆಯಿತು. ಮೂರನೆಯದು ಮತ್ತು ನಾಲ್ಕನೆಯದು ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಎಣ್ಣೆ ಬಿಡಿಸಿ, ನಂತರ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬಟ್ಟೆ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ, ಉಜ್ಜಿ, ಚೆನ್ನಾಗಿ ಜಾಲಿಸಿದವು. ಮೂರನೆಯ ತುಂಡನ್ನು ತರಗತಿಯೊಳಗೆ ನೆರಳಿನಲ್ಲಿ ಒಣಗಿಸಿದೆವು. ನಾಲ್ಕನೆಯದನ್ನು ಒದ್ದೆಯಿರುವಾಗಲೇ ಬಿಸಿಲಿಗೆ ಹಾಕಿದೆವು. ಆದರೆ ಅದರ ಕಲೆಯ ಅರ್ಧ ಭಾಗಕ್ಕೆ ಮಡಿಸಿದ ರಟ್ಟು ಮುಚ್ಚಿ ಕ್ಲಿಪ್ ಹಾಕಿದೆವು. ಬಿಸಿಲಿನಲ್ಲಿ ಕೆಲಸ ಮಾಡುವುದು ಬೆಳಕೋ, ಕೇವಲ ಒಣಗುವುದೋ ಎಂದು ತಿಳಿಯಲು ಈ ರಟ್ಟು ಬೇಕಿತ್ತು.

ಎರಡು ದಿನ ಬಿಸಿಲು ಕಾಯಿಸಿದ ಮೇಲೆ ನೋಡಿದೆವು. ಮೊದಲೆರಡು ತುಂಡುಗಳಲ್ಲಿ ಕಲೆ ಗಾಢವಾಗಿಯೇ ಇತ್ತು. ಮೂರನೆಯದರಲ್ಲಿ ಮಸುಕು ಹಳದಿ ಉಳಿದಿತ್ತು. ನಾಲ್ಕನೆಯದರಲ್ಲಿ ತೆರೆದ ಅರ್ಧ ಬಿಳಿಯಾಗಿತ್ತು, ರಟ್ಟಿನ ಕೆಳಗಿನ ಅರ್ಧ ಇನ್ನೂ ಹಳದಿಯಾಗಿತ್ತು. ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಬೆಳಕು ಕರ್ಕ್ಯುಮಿನ್ ಅಣುವನ್ನೇ ಒಡೆಯುತ್ತದೆ. ಒಡೆದ ತುಣುಕುಗಳಿಗೆ ಆ ಹಳದಿ ಇರುವುದಿಲ್ಲ. ಸೋಪಿನ ಕೆಂಪಿನಂತೆ ಇದು ಹಿಂದಿರುಗುವ ಬದಲಾವಣೆಯಲ್ಲ.

ಸೋಡಾ ಹನಿಯ ಪರೀಕ್ಷೆ

ಅರ್ಧ ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ, ಡ್ರಾಪರಿನಿಂದ ಒಂದೊಂದು ಹನಿ ಬಿಡಿಸಿದೆ. ಮೂರನೆಯ ತುಂಡಿನ ಮಸುಕು ಹಳದಿ ತಕ್ಷಣ ಇಟ್ಟಿಗೆಗೆಂಪಾಯಿತು. ನಾಲ್ಕನೆಯದರ ಬಿಳಿ ಅರ್ಧದಲ್ಲಿ ಏನೂ ಆಗಲಿಲ್ಲ. ಕೆಂಪಾದ ಜಾಗಕ್ಕೆ ನಿಂಬೆರಸದ ಹನಿ ಹಾಕಿದಾಗ ಹಳದಿ ಮರಳಿತು. ಹಿಂದಿನ ಬೆಂಚಿನ ಹುಡುಗ ತಾನೇ ಹೇಳಿದ: “ಅದು ಎಲ್ಲಿಂದಲೂ ವಾಪಸ್ ಬಂದಿಲ್ಲ ಮಿಸ್, ಅಲ್ಲೇ ಇತ್ತು.” ಪಾಠದ ಉದ್ದೇಶ ಆ ವಾಕ್ಯದಲ್ಲಿ ಈಡೇರಿತು.

ಮನೆಗೆ ಕೊಟ್ಟ ಸೂಚನೆಯೂ ಇದೇ. ತೊಳೆದ ಬಟ್ಟೆಯ ಕಲೆಯಿದ್ದ ಜಾಗಕ್ಕೆ ಸೋಪಿನ ನೀರಿನ ಒಂದು ಹನಿ ಹಾಕಿ. ಕೆಂಪಾದರೆ ಇಸ್ತ್ರಿ ಮಾಡದೆ ಮತ್ತೆ ತೊಳೆದು ಬಿಸಿಲಿಗೆ ಹಾಕಿ. ಇದು ಬಿಳಿ ಹತ್ತಿಗೆ ಮಾತ್ರ. ಬಣ್ಣದ ಬಟ್ಟೆ ಬಿಸಿಲಿಗೆ ಮಾಸುತ್ತದೆ, ರೇಷ್ಮೆ ಮತ್ತು ಉಣ್ಣೆಗೆ ಸೋಡಾ ಆಗದು. ಬ್ಲೀಚಿಂಗ್ ಪುಡಿಯೂ ಕರ್ಕ್ಯುಮಿನ್ ಒಡೆಯುತ್ತದೆ. ಆದರೆ ಅದಕ್ಕೆ ನಿಂಬೆರಸವನ್ನಾಗಲಿ ವಿನೆಗರನ್ನಾಗಲಿ ಸೇರಿಸಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಆದ್ದರಿಂದ ತರಗತಿಯಲ್ಲಿ ಅದನ್ನು ಬಳಸಲಿಲ್ಲ.

ಪ್ಲಾಸ್ಟಿಕ್ ಡಬ್ಬಿ: ಪರೀಕ್ಷೆ ಸೋತ ಕಡೆ

ಮೂರನೆಯ ದಿನ ವಿದ್ಯಾರ್ಥಿಗಳೇ ಹಳದಿಗಟ್ಟಿದ ಊಟದ ಡಬ್ಬಿಗಳನ್ನು ತಂದರು. ಒಂದು ಡಬ್ಬಿಯನ್ನು ತೊಳೆದು ಸೋಡಾ ಹನಿ ಹಾಕಿದೆವು. ಕೆಂಪಾಗಲಿಲ್ಲ. “ಹಾಗಾದರೆ ಇದರಲ್ಲಿ ಅರಿಶಿನ ಇಲ್ಲವಾ?” ಎಂದು ಕೇಳಿದರು. ಡಬ್ಬಿ ಕಣ್ಣಿಗೆ ಹಳದಿಯಾಗಿಯೇ ಇತ್ತು!

ಹತ್ತಿಯ ನೂಲು ನೀರು ಹೀರುತ್ತದೆ, ಆದ್ದರಿಂದ ಸೋಡಾ ಕಲೆಯನ್ನು ಮುಟ್ಟುತ್ತದೆ. ಡಬ್ಬಿಯ ಪಾಲಿಪ್ರೊಪಿಲೀನ್ ಎಣ್ಣೆಯ ಜಾತಿಯದು. ಬಿಸಿ ಸಾಂಬಾರಿನ ಎಣ್ಣೆಯೊಂದಿಗೆ ಕರ್ಕ್ಯುಮಿನ್ ಅದರ ಒಳಗೇ ಸೇರಿಕೊಳ್ಳುತ್ತದೆ, ನೀರು ಅಲ್ಲಿಗೆ ಹೋಗದು. ಆದ್ದರಿಂದ ಪ್ಲಾಸ್ಟಿಕ್ಕಿನಲ್ಲಿ ಕೆಂಪಾಗದಿರುವುದು ಕಲೆ ಹೋದುದಕ್ಕೆ ಸಾಕ್ಷಿಯಲ್ಲ. ಇಲ್ಲಿ ಕಣ್ಣನ್ನೇ ನಂಬಬೇಕು.

ಮೊದಲು ಒಣ ಡಬ್ಬಿಗೆ ಅರ್ಧ ಚಮಚ ಅಡುಗೆ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿದೆವು. ಬಟ್ಟೆ ಹಳದಿಯಾಯಿತು, ಅಂದರೆ ಮೇಲ್ಪದರದ ಬಣ್ಣ ಬಂತು. ನಂತರ ಸೋಪಿನಲ್ಲಿ ತೊಳೆದು, ಒಳಭಾಗ ಸೂರ್ಯನಿಗೆ ಎದುರಾಗುವಂತೆ ಮುಚ್ಚಳ ತೆಗೆದು ಮೂರು ದಿನ ಇಟ್ಟೆವು. ತಳದ ಹಳದಿ ಬಹುಮಟ್ಟಿಗೆ ಹೋಯಿತು. ತಂತಿಯ ಉಜ್ಜುವಿಕೆಯಿಂದ ಗೀರು ಬಿದ್ದಿದ್ದ ಜಾಗಗಳಲ್ಲಿ ಮತ್ತು ನೆರಳಾಗಿದ್ದ ಮೂಲೆಗಳಲ್ಲಿ ಉಳಿಯಿತು. ಪಕ್ಕದಲ್ಲಿಟ್ಟಿದ್ದ ಸ್ಟೀಲ್ ಡಬ್ಬಿಗೆ ಕಲೆಯೇ ಇರಲಿಲ್ಲ.

ಮುಂದಿನ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ಒಂದು ಅವಧಿ ಸಾಲದು. ಕಲೆ ಹಾಕುವುದು ಒಂದು ದಿನ, ತೊಳೆಯುವುದು ಒಂದು ದಿನ, ಬಿಸಿಲಿಗೆ ಎರಡು ದಿನ ಬೇಕು. ಜುಲೈ ತಿಂಗಳಲ್ಲಿ ನಮ್ಮ ಮಲೆನಾಡ ಸೆರಗಿನ ಊರುಗಳಲ್ಲಿ ಇದನ್ನು ಯೋಜಿಸಬೇಡಿ, ಮೋಡ ಮುಸುಕಿದರೆ ರಟ್ಟಿನ ಗೆರೆ ಮೂಡುವುದಿಲ್ಲ. ಮಕ್ಕಳಿಗೆ ಮೊದಲೇ ಉತ್ತರ ಹೇಳದೆ, ಕೆಂಪಾದ ತುಂಡನ್ನು ಕೈಗೆ ಕೊಟ್ಟು “ಇದರಲ್ಲಿ ಅರಿಶಿನ ಇದೆಯೇ, ಇಲ್ಲವೇ?” ಎಂದು ಮಾತ್ರ ಕೇಳಿ. ನಾನು ಮೊದಲ ದಿನ ಕೇಳಬೇಕಾಗಿದ್ದುದು ಆ ಪ್ರಶ್ನೆಯನ್ನೇ.